ಅಪ್ಪನ ಹಳೇ ರೆಸ್ಯೂಮೆಗೆ ಹೊಸ ಸಾಲು ಸಿಕ್ಕಿದ್ದು ಡೈರಿಯಲ್ಲಿ

ನಿವೃತ್ತರಾದ ಅಪ್ಪನಿಗೆ ಪಾರ್ಟ್‌ಟೈಮ್ ಸಲಹೆಗಾರರ ಕೆಲಸಕ್ಕೆ ರೆಸ್ಯೂಮೆ ಬೇಕಿತ್ತು. ಹಳೆಯದರಲ್ಲಿ ಇದ್ದದ್ದು ಹುದ್ದೆ, ಇಸವಿ, ‘ಯಂತ್ರಗಳ ನಿರ್ವಹಣೆ’ ಅನ್ನೋ ಒಂದು ಸಾಲು, ಅಷ್ಟೇ. ಸಾಧನೆ ಏನು ಅಂತ ಕೇಳಿದರೆ, “ಏನಿಲ್ಲಪ್ಪ, ಡ್ಯೂಟಿ ಮಾಡಿದೆ” ಅನ್ನುತ್ತಿದ್ದರು.

ಬೇರೆ ಥರ ಕೇಳಿದೆ. “ಅಪ್ಪಾ, ನೀವು ಸೇರಿದಾಗ ಯಾವ ಯಂತ್ರ ಜಾಸ್ತಿ ಕೈಕೊಡ್ತಿತ್ತು? ಆಮೇಲೆ ಏನಾಯ್ತು?” ತಕ್ಷಣ ಎದ್ದು ಹೋಗಿ ಹಳೇ ಡೈರಿಗಳನ್ನು ತಂದರು. ನೀಲಿ ಇಂಕಿನಲ್ಲಿ, ‘ಪಂಪ್ 3, ಬೇರಿಂಗ್ ಮತ್ತೆ ಹೋಯ್ತು.’ ತಿಂಗಳು ತಿಂಗಳೂ ಅದೇ ಸಾಲು. ಮೋಟಾರಿನ ಶಾಫ್ಟೂ ಪಂಪಿನ ಶಾಫ್ಟೂ ಒಂದೇ ನೇರಕ್ಕಿಲ್ಲ ಅಂತ ಅಪ್ಪನೇ ಪತ್ತೆಹಚ್ಚಿ ಸರಿಮಾಡಿದ್ದರು. ಆಮೇಲೆ ವರ್ಷವಿಡೀ ಆ ಸಾಲೇ ಇಲ್ಲ!

ರೆಸ್ಯೂಮೆಯಲ್ಲಿ ಹೀಗೆ ಬರೆದೆವು: ‘ಪ್ರತಿ ತಿಂಗಳೂ ಬೇರಿಂಗ್ ಕೆಡುತ್ತಿದ್ದ ಪಂಪಿನ ಶಾಫ್ಟ್ ಜೋಡಣೆ ಸರಿಪಡಿಸಿದೆ, ಮುಂದಿನ ಒಂದು ವರ್ಷ ಬೇರಿಂಗ್ ಬದಲಿಸಬೇಕಾಗಲಿಲ್ಲ.’ ಎಷ್ಟು ದುಡ್ಡು ಉಳಿಯಿತು ಅನ್ನೋದಕ್ಕೆ ದಾಖಲೆ ಇರಲಿಲ್ಲ. ಸುಮ್ನೆ ಅಂದಾಜು ಹಾಕಲಿಲ್ಲ. ಸಂದರ್ಶನದಲ್ಲಿ ಕೇಳಿದರೆ ಅಪ್ಪ ಉತ್ತರ ಕೊಡಬೇಕಲ್ವಾ? ಹಳೇ ಫ್ಯಾಕ್ಸ್ ನಂಬರ್, ಶಾಲೆಯ ಅಂಕಗಳನ್ನು ತೆಗೆದು, ಪಂಪಿನ ಸಾಲನ್ನು ಮೊದಲ ಪುಟದ ಮೇಲ್ಭಾಗಕ್ಕೆ ತಂದೆವು. ಈಗ ಉಳಿದ ಡೈರಿಗಳನ್ನೂ ಅಪ್ಪನೇ ತಿರುವಿಹಾಕುತ್ತಿದ್ದಾರೆ.