ಸೈಕಲ್ಲಿನ ಫ್ರೀವೀಲ್‌ಗೆ ಗ್ರೀಸ್ ತುಂಬಬೇಡಿ

ಮನೆಯಲ್ಲಿ ಸೈಕಲ್ ಇರುವವರು ಚೈನಿಗೆ ಎಣ್ಣೆ ಬಿಡುತ್ತಾರೆ, ಬ್ರೇಕು ನೋಡಿಕೊಳ್ಳುತ್ತಾರೆ. ಹಿಂಚಕ್ರದ ಹಲ್ಲುಗಾಲಿಯ ಒಳಗೆ ಅಡಗಿರುವ ಫ್ರೀವೀಲ್ ಮಾತ್ರ ಕೈಕೊಡುವವರೆಗೂ ನೆನಪಾಗುವುದಿಲ್ಲ. ಅದು ಕೈಕೊಡುವುದು ಸಾಮಾನ್ಯವಾಗಿ ಪೆಡಲ್ ಮೇಲೆ ಎದ್ದು ನಿಂತು ಏರು ಹತ್ತುವಾಗ, ಅಂದರೆ ಬೀಳುವ ಅಪಾಯ ಹೆಚ್ಚಿರುವಾಗ. ಆದುದರಿಂದ ಅದನ್ನು ಪರೀಕ್ಷಿಸುವ ಮತ್ತು ಶುಚಿಯಾಗಿಡುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಳಗಿನ ರಚನೆ ಸರಳವಾದದ್ದು. ಚೈನು ತಿರುಗಿಸುವ ಹೊರಬಳೆಯ ಒಳಮೈಯಲ್ಲಿ ಒಂದೇ ಕಡೆಗೆ ಓರೆಯಾದ ಹಲ್ಲುಗಳಿರುತ್ತವೆ. ಚಕ್ರಕ್ಕೆ ಬಿಗಿದ ಒಳಭಾಗದಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಉಕ್ಕಿನ ಕೊಕ್ಕೆಗಳಿದ್ದು, ಕೂದಲಿನಂಥ ತೆಳು ಸ್ಪ್ರಿಂಗ್ ತಂತಿಯೊಂದು ಅವನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತದೆ. ಪೆಡಲ್ ತುಳಿದಾಗ ಹಲ್ಲು ಕೊಕ್ಕೆಯ ತುದಿಗೆ ತಗುಲಿ ಚಕ್ರವನ್ನು ಎಳೆದೊಯ್ಯುತ್ತದೆ. ತುಳಿಯುವುದನ್ನು ನಿಲ್ಲಿಸಿದಾಗ ಚಕ್ರವೇ ಮುಂದೋಡುವುದರಿಂದ ಕೊಕ್ಕೆಗಳು ಹಲ್ಲಿನ ಓರೆಯ ಮೇಲೆ ಜಾರಿ ಮಡಚಿಕೊಳ್ಳುತ್ತವೆ. ನಮಗೆ ಕೇಳುವ ಟಿಕ್ ಟಿಕ್ ಸದ್ದು ಅದೇ.

ಹೀಗೆ ಚಕ್ರ ತಾನೇ ಮುಂದೋಡುವ ಸೌಲಭ್ಯ ಎಷ್ಟರಮಟ್ಟಿನದೆಂದು ಲೆಕ್ಕ ಹಾಕಿ ನೋಡಬಹುದು. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇರುವ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2.1 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಳಿಜಾರು ಇಳಿಯುವಾಗ ಫ್ರೀವೀಲ್ ಇಲ್ಲದ ಸೈಕಲ್ಲಿನ ಪೆಡಲ್ ನಿಮಿಷಕ್ಕೆ 130 ಸುತ್ತಿನಷ್ಟು ತಿರುಗುತ್ತಾ ಕಾಲನ್ನು ತನ್ನೊಡನೆ ಎಳೆಯುತ್ತದೆ. ಫ್ರೀವೀಲ್ ಇದ್ದರೆ ಕಾಲು ನೆಮ್ಮದಿಯಾಗಿ ನಿಂತಿರುತ್ತದೆ. ಆದರೆ ಅದೇ ಕಾರಣಕ್ಕೆ ಕಾಲಿನಿಂದ ಚಕ್ರವನ್ನು ತಡೆಯಲಾಗದು, ಬ್ರೇಕು ಸರಿಯಾಗಿರಲೇಬೇಕು.

ತುಳಿದಾಗ ಪೆಡಲ್ ಜಾರಿದರೆ ಮೊದಲು ದೋಷ ಎಲ್ಲಿದೆಯೆಂದು ಕಂಡುಕೊಳ್ಳಿ. ಹಲ್ಲುಗಾಲಿಯ ಮೇಲೆ ಚೈನು ಕಟಕ್ಕೆಂದು ಹಾರಿದರೆ ಅದು ಚೈನು ಅಥವಾ ಹಲ್ಲು ಸವೆದದ್ದು. ಚೈನೂ ಹಲ್ಲುಗಾಲಿಯೂ ಸರಾಗವಾಗಿ ತಿರುಗುತ್ತಿದ್ದು ಚಕ್ರ ಮಾತ್ರ ನಿಂತಿದ್ದರೆ ದೋಷ ಫ್ರೀವೀಲಿನದು. ಹಿಂಚಕ್ರವನ್ನು ಎತ್ತಿ ಒಂದು ಕೈಯಲ್ಲಿ ಹಿಡಿದುಕೊಂಡು, ಹಲ್ಲುಗಾಲಿಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಮುಂದಕ್ಕೆ ಒತ್ತಿ. ಸುತ್ತಿನ ಬೇರೆ ಬೇರೆ ಜಾಗಗಳಲ್ಲಿ ಹೀಗೆಯೇ ಮಾಡಿ. ಒಳಗೆ 18 ಹಲ್ಲುಗಳಿದ್ದರೆ ಹೆಚ್ಚೆಂದರೆ 20 ಡಿಗ್ರಿಯೊಳಗೆ ಅದು ಪ್ರತಿ ಸಲವೂ ಗಟ್ಟಿಯಾಗಿ ಕಚ್ಚಬೇಕು. ಒಮ್ಮೆ ಕಚ್ಚಿ ಒಮ್ಮೆ ಜಾರುವುದು, ಹಿಂದಕ್ಕೆ ತಿರುಗಿಸುವಾಗ ಟಿಕ್ ಸದ್ದು ಮಂಕಾಗುವುದು ಅಥವಾ ನಡುವೆ ತಪ್ಪಿಹೋಗುವುದು, ಇವು ಕೊಕ್ಕೆ ಅಂಟಿಕೊಂಡಿರುವ ಲಕ್ಷಣ.

ಕೊಕ್ಕೆ ಅಂಟಿಕೊಳ್ಳಲು ಮುಖ್ಯ ಕಾರಣ ಧೂಳಿನೊಡನೆ ಬೆರೆತು ಗಟ್ಟಿಯಾದ ಹಳೆಯ ಎಣ್ಣೆ, ಇಲ್ಲವೇ ಒಳ್ಳೆಯದೆಂದು ಯಾರೋ ತುಂಬಿದ ದಪ್ಪ ಗ್ರೀಸ್. ಕೊಕ್ಕೆಗಳನ್ನು ಒತ್ತುವ ಸ್ಪ್ರಿಂಗ್ ತಂತಿಯ ಬಲ ಬಹಳ ಅಲ್ಪ. ಚಳಿಯಲ್ಲಿ ಗ್ರೀಸ್ ಮತ್ತಷ್ಟು ಬಿಗಿದುಕೊಂಡಾಗ, ಮಡಚಿದ ಕೊಕ್ಕೆಯನ್ನು ಮತ್ತೆ ಮೇಲೆತ್ತಲು ಅದಕ್ಕೆ ಸಾಧ್ಯವಾಗುವುದಿಲ್ಲ. ಒಂದು ಕೊಕ್ಕೆ ಮಾತ್ರ ಎದ್ದರೆ ಇಡೀ ಭಾರ ಅದರ ತುದಿಗೆ ಬಿದ್ದು ತುದಿ ಮುಕ್ಕಾಗುತ್ತದೆ. ಆಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಶುಚಿಗೊಳಿಸಲು ಚಕ್ರವನ್ನು ಬಿಚ್ಚಿ, ಹಲ್ಲುಗಾಲಿ ಮೇಲಿರುವಂತೆ ಮಲಗಿಸಿ. ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವಿನ ಸಣ್ಣ ಸಂದಿಯಲ್ಲಿ ಸೀಮೆಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತಾ ಹಲ್ಲುಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತಿರಿ. ಸೀಮೆಎಣ್ಣೆ ಸುರಿಯಬಾರದು, ಅದು ಪಕ್ಕದ ಹಬ್ಬಿನ ಬೇರಿಂಗಿಗೆ ಇಳಿದರೆ ಅಲ್ಲಿರಬೇಕಾದ ಗ್ರೀಸನ್ನೂ ತೊಳೆದುಬಿಡುತ್ತದೆ. ಕೆಳಗೆ ಬರುವ ಕಪ್ಪು ನೀರನ್ನು ಬಟ್ಟೆಯಿಂದ ಒರೆಸಿ, ರಾತ್ರಿಯಿಡೀ ಆರಲು ಬಿಟ್ಟು, ಮರುದಿನ ಹೊಲಿಗೆ ಯಂತ್ರಕ್ಕೆ ಹಾಕುವಂಥ ತೆಳು ಎಣ್ಣೆಯನ್ನು ನಾಲ್ಕಾರು ಹನಿ ಬಿಡಿ. ಟಿಕ್ ಸದ್ದು ಮತ್ತೆ ಚುರುಕಾದರೆ ಕೆಲಸವಾಯಿತು. ಬ್ರೇಕು ಹಿಡಿಯುವ ಜಾಗಕ್ಕೆ ಮಾತ್ರ ಎಣ್ಣೆ ತಾಗಬಾರದು.

ಫ್ರೀವೀಲನ್ನೇ ಬಿಚ್ಚಿ ನೋಡುವ ಆಸೆ ಬೇಡವೆಂದೇ ನನ್ನ ಅಭಿಪ್ರಾಯ. ಅದರ ಮುಚ್ಚಳದ ತಿರುಪಿನ ಮರೆ ಹೆಚ್ಚಿನವುಗಳಲ್ಲಿ ಎಡಗಡೆಯದು, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು, ಒಳಗೆ ಸಣ್ಣ ಗೋಲಿಗಳು ಬಿಡಿಬಿಡಿಯಾಗಿರುತ್ತವೆ, ಅವು ಉರುಳಿಹೋದರೆ ಮತ್ತೆ ಜೋಡಿಸುವುದು ಕಷ್ಟ.

ಸ್ಕೂಟರು, ಬೈಕುಗಳ ಸೆಲ್ಫ್ ಸ್ಟಾರ್ಟಿನಲ್ಲಿಯೂ ಇದೇ ತತ್ತ್ವದ ಒನ್‌ವೇ ಕ್ಲಚ್ ಇರುತ್ತದೆ. ಬಹುಪಾಲು ವಾಹನಗಳಲ್ಲಿ ಹಲ್ಲಿನ ಬದಲು ಓರೆ ಗೂಡುಗಳಲ್ಲಿ ಕೂತ ರೋಲರುಗಳು ಸಿಲುಕಿ ಹಿಡಿಯುತ್ತವೆ. ಎಂಜಿನ್ ಚಾಲೂ ಆದೊಡನೆ ಅದು ಮೋಟಾರನ್ನು ಬಿಟ್ಟುಬಿಡದಿದ್ದರೆ, ಎಂಜಿನ್ನಿನ ವೇಗ ಗೇರುಗಳ ಮೂಲಕ ಹಲವು ಪಟ್ಟು ಹೆಚ್ಚಿ ಪುಟ್ಟ ಮೋಟಾರನ್ನು ಹಾಳುಮಾಡುತ್ತದೆ. ಗುಂಡಿ ಒತ್ತಿದಾಗ ಮೋಟಾರು ಗಿರ್ರೆಂದು ತಿರುಗಿದರೂ ಎಂಜಿನ್ ಅಲುಗದಿದ್ದರೆ, ಬ್ಯಾಟರಿಯನ್ನು ಶಂಕಿಸುವ ಮೊದಲು ಈ ಕ್ಲಚ್ಚನ್ನು ತೋರಿಸಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ತೊಳೆದ ಮೇಲೂ ಸೈಕಲ್ಲಿನ ಫ್ರೀವೀಲ್ ಜಾರುತ್ತಿದ್ದರೆ ಇಡಿಯಾಗಿ ಹೊಸದು ಹಾಕಿಸಿ. ಗ್ರೀಸ್ ಬೇಕಾಗುವುದು ಆಗ: ಹೊಸದನ್ನು ಕೂರಿಸುವ ಮುನ್ನ ಹಬ್ಬಿನ ಮರೆಗೆ ತೆಳ್ಳಗೆ ಸವರಿರಬೇಕು, ಏಕೆಂದರೆ ಪ್ರತಿ ತುಳಿತವೂ ಫ್ರೀವೀಲನ್ನು ಮತ್ತಷ್ಟು ಬಿಗಿಗೊಳಿಸುತ್ತದೆ, ಒಣ ಮರೆಯಲ್ಲಿ ಕೂತದ್ದು ಮುಂದೆ ಉದ್ದನೆಯ ಸ್ಪ್ಯಾನರಿಗೂ ಬಗ್ಗುವುದಿಲ್ಲ.