ದೂರದ ವೈಫೈನ ಪಾಸ್‌ವರ್ಡ್ ಐಫೋನ್‌ನಲ್ಲಿ ಸಿಕ್ಕ ಬಗೆ

ವಿಜಯಪುರದಲ್ಲಿರುವ ನಮ್ಮ ಅಂಗಡಿಗೆ ಹೊಸ ಬಿಲ್ ಪ್ರಿಂಟರ್ ಬಂದ ದಿನ, ಅದನ್ನು ವೈಫೈಗೆ ಜೋಡಿಸಲು ಅಣ್ಣನಿಗೆ ಪಾಸ್‌ವರ್ಡ್ ಬೇಕಾಯಿತು. ರೌಟರಿನ ಹಿಂದೆ ಅಂಟಿಸಿದ್ದ ಚೀಟಿಯ ಅಕ್ಷರಗಳು ಅಳಿಸಿಹೋಗಿದ್ದವು. ನಾನು ಬೆಳಗಾವಿಯಲ್ಲಿದ್ದೆ. ಆ ಸಂಪರ್ಕ ನನ್ನ ಐಫೋನ್‌ನಲ್ಲಿ ಉಳಿದಿತ್ತಾದರೂ, Settings ಒಳಗಿನ Wi-Fi ಪುಟದಲ್ಲಿ ನನ್ನ ಮನೆಯ ಸುತ್ತಮುತ್ತಲಿನ ಹೆಸರುಗಳಷ್ಟೇ ಕಾಣುತ್ತಿದ್ದವು.

ಅದೇ ಪುಟದ ಮೇಲೆ ಬಲಬದಿಯಲ್ಲಿರುವ Edit ಒತ್ತಿದಾಗ ಫೋನು ನನ್ನ ಮುಖವನ್ನು ಪರೀಕ್ಷಿಸಿ, ಹಿಂದೆ ಜೋಡಿಸಿದ್ದ ಎಲ್ಲ ಸಂಪರ್ಕಗಳ ಪಟ್ಟಿಯನ್ನು ತೆರೆಯಿತು. ಮುಖ ಗುರುತಾಗದಿದ್ದರೆ ಪರದೆ ತೆರೆಯುವ ಪಾಸ್‌ಕೋಡ್ ಸಾಕು. ಅಂಗಡಿಯ ಹೆಸರಿನ ಪಕ್ಕದ i ಗುರುತನ್ನು ಒತ್ತಿ, ಚುಕ್ಕೆಗಳಿಂದ ಮುಚ್ಚಿದ್ದ Password ಸಾಲನ್ನು ಮುಟ್ಟಿದೊಡನೆ ಅಕ್ಷರಗಳು ಕಂಡವು. ಸೊನ್ನೆಯನ್ನೂ ದೊಡ್ಡ O ಅಕ್ಷರವನ್ನೂ ಫೋನಿನಲ್ಲಿ ಓದಿ ಹೇಳಿದರೆ ತಪ್ಪಾಗುವುದು ಖಂಡಿತವಾದ್ದರಿಂದ, Copy ಒತ್ತಿ ಸಂದೇಶದಲ್ಲಿ ಅಂಟಿಸಿ ಅಣ್ಣನಿಗೆ ಕಳಿಸಿದೆ.

ಆ ಪಟ್ಟಿಯಲ್ಲಿ ಪ್ರತಿ ಹೆಸರಿನ ಎಡಕ್ಕಿರುವ ಕೆಂಪು ಗುರುತನ್ನು ಮಾತ್ರ ಮುಟ್ಟಬಾರದು, ಏಕೆಂದರೆ ಅದು ಸಂಪರ್ಕವನ್ನು ಅಳಿಸುವ ಗುಂಡಿ. ಪಾಸ್‌ವರ್ಡ್‌ಗಳನ್ನು ತಮ್ಮ ಎಲ್ಲ ಆಪಲ್ ಸಾಧನಗಳಲ್ಲೂ ಒಂದೇ ಆಗಿಡುವ ಐಕ್ಲೌಡ್ ಕೀಚೈನ್ ಬಳಸುವವರಾದರೆ ಅವರ ಇತರ ಸಾಧನಗಳಿಂದಲೂ ಅದು ಹೋಗುತ್ತದೆ. ಈ ಸೌಲಭ್ಯ 2022ರಲ್ಲಿ ಬಂದ ಐಒಎಸ್ 16 ಹಾಗೂ ನಂತರದ ಆವೃತ್ತಿಗಳಲ್ಲಿದೆ. ರೌಟರಿನಲ್ಲಿ ಪಾಸ್‌ವರ್ಡ್ ಬದಲಾಗಿದ್ದರೆ ಫೋನು ತೋರಿಸುವುದು ಹಳೆಯದನ್ನೇ. ನಮ್ಮಲ್ಲಿ ಅದು ಬದಲಾಗಿರಲಿಲ್ಲವಾದ್ದರಿಂದ ಪ್ರಿಂಟರ್ ಕೂಡಲೇ ಜೋಡಣೆಯಾಯಿತು.