ಐದು ಸಲ ಕಂಪ್ರೆಸ್ ಆದ ಮದುವೆ ಕ್ಯಾಸೆಟ್

ಅಕ್ಕನ ಮದುವೆ ಆದದ್ದು 1993ರಲ್ಲಿ, ಶಿವಮೊಗ್ಗದ ಒಂದು ಛತ್ರದಲ್ಲಿ. ಎರಡು ಗಂಟೆಯ ವಿಎಚ್‌ಎಸ್ ಕ್ಯಾಸೆಟ್. ಅದನ್ನು ಕಂಪ್ಯೂಟರಿಗೆ ಇಳಿಸಿ ಸರಿಮಾಡುವ ಕೆಲಸವನ್ನು ನಾನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ಕೆಡಿಸಿದ್ದು ಕ್ಯಾಸೆಟ್ಟೂ ಅಲ್ಲ, ವಿಸಿಆರೂ ಅಲ್ಲ. ಹಂತಹಂತಕ್ಕೂ ಫೈಲ್ ಸೇವ್ ಮಾಡಿದ ನನ್ನ ರೀತಿ.

ಆಗ ನಾನು ಮಾಡಿದ್ದು ಇಷ್ಟು. ಕ್ಯಾಪ್ಚರ್ ಮಾಡಿ, ವಿಡಿಯೋವನ್ನು ಒತ್ತಿ ಸಣ್ಣದು ಮಾಡುವ ಎಚ್.264 ಕೋಡೆಕ್ಕಿನಲ್ಲಿ ಸೇವ್. ಒಂದು ಫ್ರೇಮನ್ನು ಸಾಲು ಬಿಟ್ಟು ಸಾಲು ಎರಡು ಅರ್ಧವಾಗಿ ಇಡುವ ಇಂಟರ್‌ಲೇಸ್ ತೆಗೆದು ಇನ್ನೊಂದು ಸೇವ್. ನಾಯ್ಸ್ ಕಡಿಮೆ ಮಾಡಿ ಮತ್ತೊಂದು. ಬೆಳಕು, ಬಣ್ಣ ಸರಿಮಾಡಿ ಮಗದೊಂದು. ಕೊನೆಗೆ ಎಲ್ಲರಿಗೂ ಕಳಿಸುವ ಫೈಲ್. ಎಲ್ಲ ಕಡೆಯೂ CRF 18 ಇಟ್ಟಿದ್ದೆ. ಕಣ್ಣಿಗೆ ವ್ಯತ್ಯಾಸವೇ ಕಾಣದ ಕ್ವಾಲಿಟಿ ಅದು ಅಂತ ನಂಬಿದ್ದೆ. ಒಂದೊಂದು ಹಂತವನ್ನೂ ಹಿಂದಿನದರ ಪಕ್ಕ ಇಟ್ಟು ನೋಡಿದರೆ ನಿಜಕ್ಕೂ ಕಾಣುತ್ತಿರಲಿಲ್ಲ.

ಕಂಡದ್ದು ಊಟದ ಪಂಕ್ತಿಯಲ್ಲಿ. ಊಟದ ಹಾಲ್‌ನ ಕತ್ತಲೆ ಮೂಲೆಯಲ್ಲಿ ಅಜ್ಜಿ ಸಾರಿನ ಬಕೆಟ್ ಹಿಡಿದು ನಿಂತಿದ್ದಾರೆ. ಅವರ ಮುಖ ಕಾಣಲಿ ಅಂತಲೇ ಅಲ್ಲಿ ಬೆಳಕು ಎತ್ತಿದ್ದೆ. ಮುಖದ ಜತೆಗೆ ಹಿಂದಿನ ಗೋಡೆಯ ಮೇಲೆ ಚೌಕ ಚೌಕದ ಕಲೆಗಳೂ ಎದ್ದವು. ಅವು ಅರ್ಧ ಸೆಕೆಂಡು ನಿಂತು ತಟ್ಟನೆ ಜಾಗ ಬದಲಿಸುತ್ತಿದ್ದವು. ಸೀರೆಯ ನೆರಿಗೆ ಮೇಣ ಬಳಿದ ಹಾಗೆ ನುಣುಪಾಗಿತ್ತು.

ಯಾಕೆ ಹೀಗಾಯಿತು ಅಂತ ಹುಡುಕುತ್ತಾ ಹೋದಾಗ ಅರ್ಥವಾದದ್ದು ಇದು. ಎಚ್.264 ಎಸೆಯುವುದು ಈಗ ಕಣ್ಣಿಗೆ ಬೀಳದ ವಿವರವನ್ನು. ಕತ್ತಲೆ ಗೋಡೆಯ ಸಣ್ಣ ಏರಿಳಿತ ಯಾರಿಗೂ ಕಾಣುವುದಿಲ್ಲ, ಅದನ್ನು ಬಿಡು ಅನ್ನುತ್ತದೆ. ನಾವು ಮುಂದಿನ ಹಂತದಲ್ಲಿ ಮಾಡುವುದೋ, ಆ ಕಾಣದ್ದನ್ನೇ ಎತ್ತಿ ತೋರಿಸುವ ಕೆಲಸ. ಅಲ್ಲಿ ಉಳಿದಿರುವುದು ಗೋಡೆಯಲ್ಲ, ಬ್ಲಾಕು, ಅಂದರೆ ಎಚ್.264 ಚಿತ್ರವನ್ನು ಹೋಳು ಮಾಡಿಕೊಳ್ಳುವ ಚೌಕ.

ನಾಯ್ಸ್ ಹಂತದ ಕಥೆ ಇನ್ನೂ ಸ್ವಾರಸ್ಯ. ನಾನು ಬಳಸುವ ಫಿಲ್ಟರ್ ಅಕ್ಕಪಕ್ಕದ ಫ್ರೇಮುಗಳನ್ನು ಹೋಲಿಸುತ್ತದೆ. ಪ್ರತಿ ಫ್ರೇಮಿನಲ್ಲೂ ಬೇರೆಬೇರೆ ಆಗಿ ಕುಣಿಯುವುದು ನಾಯ್ಸ್, ಹಾಗೇ ನಿಲ್ಲುವುದು ಚಿತ್ರ. ಟೇಪಿನ ನಾಯ್ಸ್ ಹಾಗೆಯೇ ಕುಣಿಯುತ್ತದೆ. ಆದರೆ ಒಂದು ಸಲ ಎಚ್.264 ಮೂಲಕ ಹಾದರೆ ಆ ನಾಯ್ಸಿನ ತುಣುಕುಗಳು ಬ್ಲಾಕಿನೊಳಗೆ ಸಿಕ್ಕಿಕೊಳ್ಳುತ್ತವೆ. ಹಿಂದಿನ ಫ್ರೇಮಿನಿಂದ ಅದೇ ಬ್ಲಾಕನ್ನು ನಕಲು ಮಾಡುವುದೇ ಈ ಕೋಡೆಕ್ಕಿನ ಉಳಿತಾಯದ ಗುಟ್ಟು. ಹೀಗೆ ನಾಲ್ಕಾರು ಫ್ರೇಮ್ ಅಲುಗಾಡದೆ ನಿಂತ ಕಲೆಯನ್ನು ಫಿಲ್ಟರ್ ಚಿತ್ರ ಅಂತಲೇ ತಿಳಿಯುತ್ತದೆ. ಜೋಪಾನವಾಗಿ ಉಳಿಸುತ್ತದೆ! ನಾನು ಫಿಲ್ಟರಿನ ಬಲ ಹೆಚ್ಚಿಸಿದೆ. ಕಲೆ ಹೋಗಲಿಲ್ಲ, ಸೀರೆಯ ನೆರಿಗೆ ಹೋಯಿತು.

ಎರಡನೇ ಸಲ ಕ್ಯಾಸೆಟ್ಟಿನಿಂದಲೇ ಶುರು ಮಾಡಿದೆ. ನಮ್ಮ ಹಳೆ ಟಿವಿ ಪದ್ಧತಿಯಾದ ಪಾಲ್‌ನಲ್ಲಿ (PAL) ಚಿತ್ರ 720×576, ಸೆಕೆಂಡಿಗೆ 25 ಫ್ರೇಮ್. 4:2:2 ಬಣ್ಣದಲ್ಲಿ ಒತ್ತದೆ ಇಟ್ಟರೆ ಸೆಕೆಂಡಿಗೆ ಸುಮಾರು 20.7 ಎಂಬಿ, ಎರಡು ಗಂಟೆಗೆ 150 ಜಿಬಿ ಹತ್ತಿರ. ಏನನ್ನೂ ಎಸೆಯದೆ ಒತ್ತುವ, ಅಂದರೆ ಲಾಸ್‌ಲೆಸ್ ಆದ HuffYUV ಕೋಡೆಕ್ಕಿನಲ್ಲಿ ಕ್ಯಾಪ್ಚರ್ ಮಾಡಿದ್ದರಿಂದ ಅದರ ಅರ್ಧಕ್ಕೂ ಕಡಿಮೆ ಬಂತು. ಒತ್ತಿದ ಮೇಲೆ ಇನ್ನೂ ಸಣ್ಣದಾಗಬೇಕಿತ್ತಲ್ಲ ಅನ್ನಬೇಡಿ. ಟೇಪಿನ ನಾಯ್ಸ್ ಕೂಡ ಒಂದು ಬಿಟ್ಟೂ ಬಿಡದೆ ಉಳಿಯಬೇಕು, ನಾಯ್ಸನ್ನು ಒತ್ತುವುದು ಕಷ್ಟ.

ಎಲ್ಲ ಫಿಲ್ಟರುಗಳನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಪೋಣಿಸಿದರೆ ನಡುವಿನ ಫೈಲೇ ಬೇಡ, ಅಲ್ವಾ? ಹೌದು, ಅದೇ ಒಳ್ಳೆಯದು. ಆದರೆ ಇಂಟರ್‌ಲೇಸ್ ತೆಗೆಯುವ QTGMC ನನ್ನ ಹಳೆ ಕಂಪ್ಯೂಟರಿನಲ್ಲಿ ಇಡೀ ರಾತ್ರಿ ತಿನ್ನುತ್ತದೆ. ಬಣ್ಣದಲ್ಲಿ ಒಂದು ಅಂಕಿ ಬದಲಿಸಿದಾಗಲೆಲ್ಲ ಆ ರಾತ್ರಿಯನ್ನು ಮತ್ತೆ ಕಳೆಯಲು ಆಗುವುದಿಲ್ಲ. ಮಧ್ಯದಲ್ಲಿ ಕರೆಂಟ್ ಹೋದರಂತೂ ಕೇಳಲೇಬೇಡಿ. ಹಾಗಾಗಿ ಆ ಒಂದು ಹಂತದ ನಂತರ ಮಾತ್ರ ಫೈಲ್ ಬರೆಸಿದೆ, UT Video ಅನ್ನುವ ಇನ್ನೊಂದು ಲಾಸ್‌ಲೆಸ್ ಕೋಡೆಕ್ಕಿನಲ್ಲಿ. ಅದೇ ಬಗೆಯ FFV1 ಬಳಸಿದ್ದರೆ ಇನ್ನೂ ಚಿಕ್ಕದಾಗುತ್ತಿತ್ತು. ಆದರೆ ದಿನಕ್ಕೆ ಹತ್ತು ಸಲ ತೆರೆದು ಹಿಂದೆ ಮುಂದೆ ಓಡಿಸುವ ಫೈಲಿಗೆ ಬೇಗ ಡಿಕೋಡ್ ಆಗುವುದು ಮುಖ್ಯ. ಇಂಟರ್‌ಲೇಸ್ ತೆಗೆದ ಮೇಲೆ ಸೆಕೆಂಡಿಗೆ 50 ಫ್ರೇಮ್ ಆದ್ದರಿಂದ ಅದು 100 ಜಿಬಿ ದಾಟಿತು. ಒಂದು ವಾರದ ಮಟ್ಟಿಗೆ ತಾನೆ, ಇರಲಿ.

ಹೆಸರಿಗೆ ಲಾಸ್‌ಲೆಸ್ ಇದ್ದರೆ ಸಾಲದು ಅನ್ನುವ ಪಾಠ ಕಲಿಸಿದ್ದು ಅಂತರಪಟ. ಧಾರೆಗೆ ಮುಂಚೆ ಹಿಡಿಯುವ ಆ ಬಿಳಿ ಬಟ್ಟೆಯ ಮೇಲೆ ವಿಡಿಯೋದವರ ಲೈಟು ನೇರ ಬಿದ್ದಿತ್ತು. ಮೂಲ ಕ್ಯಾಪ್ಚರಿನಲ್ಲಿ ಬಟ್ಟೆಯ ಮಡಿಕೆ ಮಂದವಾಗಿ ಇತ್ತು. ಅದರ ಬೆಳಕಿನ ಮಟ್ಟ ವಿಡಿಯೋದಲ್ಲಿ ಬಿಳಿಗೆ ಇಟ್ಟಿರುವ 235ಕ್ಕಿಂತ ಮೇಲಿತ್ತು, 245, 250ರ ಹತ್ತಿರ. ಆಚೀಚೆಯ ಭಾಗ ಕತ್ತರಿಸಲು ಅದನ್ನು VirtualDubನಲ್ಲಿ ತೆರೆದು Full processing modeನಲ್ಲೇ ಸೇವ್ ಮಾಡಿಬಿಟ್ಟೆ. ಆ ದಾರಿಯಲ್ಲಿ ಚಿತ್ರ ಆರ್‌ಜಿಬಿಗೆ ಹೋಯಿತು. 235ರ ಮೇಲಿನದೆಲ್ಲ ಬರೀ ಬಿಳಿಯಾಯಿತು. ಕೋಡೆಕ್ ತನ್ನ ಕೈಗೆ ಬಂದದ್ದನ್ನು ಒಂದು ಬಿಟ್ಟೂ ತಪ್ಪದೆ ಉಳಿಸಿತ್ತು. ಕೈಗೆ ಬರುವ ಮೊದಲೇ ಮಡಿಕೆ ಹೋಗಿತ್ತು. ಸುಮ್ನೆ ಕತ್ತರಿಸುವುದಾದರೆ Direct stream copy ಸಾಕಿತ್ತು.

ಅಂದಿನಿಂದ ಫಿಲ್ಟರ್ ಇಲ್ಲದೆ ಬರೀ ಕೋಡೆಕ್ ಬದಲಿಸುವ ಕಡೆಯಲ್ಲಿ ಈ ಎರಡು ಸಾಲು ಓಡಿಸುತ್ತೇನೆ:

```
ffmpeg -i capture.avi -map 0:v -f md5 -
ffmpeg -i capture.mkv -map 0:v -f md5 -
```

ಎರಡೂ ಫೈಲುಗಳ ಚಿತ್ರವನ್ನು ಬಿಚ್ಚಿ ಲೆಕ್ಕ ಹಾಕಿ ಒಂದೊಂದು ಉದ್ದನೆ ಸಂಖ್ಯೆ ಕೊಡುತ್ತದೆ. ಅವು ಒಂದೇ ಆಗಿದ್ದರೆ ಏನೂ ಕಳೆದಿಲ್ಲ. ಬೇರೆ ಬಂದರೆ ಮೊದಲು ನೋಡಬೇಕಾದ್ದು ಬಣ್ಣದ ಮಾದರಿ. 4:2:2 ಇದ್ದದ್ದು ಗೊತ್ತಿಲ್ಲದೆ, ಬಣ್ಣದ ವಿವರ ಅದರ ಅರ್ಧವಷ್ಟೇ ಇರುವ 4:2:0 ಆಗಿರುವುದೇ ಜಾಸ್ತಿ. ಇಂಟರ್‌ಲೇಸ್ ಇರುವಾಗ ಹಾಗಾದರೆ ಕೆಂಪು ಸೀರೆಯ ಅಂಚು ಗೆರೆಗೆರೆಯಾಗಿ ಹರಿಯುತ್ತದೆ.

ಇನ್ನೊಂದು ಮಿತಿ ಇದೆ. ಲಾಸ್‌ಲೆಸ್ ಕೋಡೆಕ್ ಫಿಲ್ಟರಿನ ಲೆಕ್ಕವನ್ನು ಕಾಪಾಡುವುದಿಲ್ಲ. ಪ್ರತಿ ಫಿಲ್ಟರೂ ಉತ್ತರವನ್ನು 8 ಬಿಟ್ಟಿನ ಪೂರ್ಣಾಂಕಕ್ಕೆ ಇಳಿಸಿದರೆ ಚೂರು ಚೂರು ಸವೆಯುತ್ತಲೇ ಹೋಗುತ್ತದೆ. ಕತ್ತಲೆ ಗೋಡೆಯ ಮೇಲೆ ಅದು ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಅದಕ್ಕೆ ಬಣ್ಣದ ಹಂತದಿಂದ ಮುಂದೆ ಚಿತ್ರವನ್ನು 10 ಬಿಟ್‌ನಲ್ಲಿ ಇಟ್ಟುಕೊಂಡು, ಕೊನೆಯಲ್ಲಿ ಒಂದೇ ಸಲ 8ಕ್ಕೆ ಇಳಿಸಿದೆ.

ಬಣ್ಣ ಸರಿಮಾಡಿದ್ದು ಮ್ಯಾಕ್ ಇರುವ ಗೆಳೆಯನ ಮನೆಯಲ್ಲಿ. ಅವನ ಎಡಿಟಿಂಗ್ ಸಾಫ್ಟ್‌ವೇರ್ UT Video ತೆರೆಯಲಿಲ್ಲ. ಅಲ್ಲಿ ಪ್ರೋರೆಸ್ 422 ಎಚ್‌ಕ್ಯೂ ಬಳಸಿದೆವು. ಅದು ಲಾಸ್‌ಲೆಸ್ ಅಲ್ಲ. ಆದರೆ 10 ಬಿಟ್, 4:2:2, ಮತ್ತು ಪ್ರತಿ ಫ್ರೇಮನ್ನೂ ಬೇರೆಯಾಗಿ ಒತ್ತುತ್ತದೆ. ಹಿಂದಿನ ಫ್ರೇಮಿನಿಂದ ನಕಲು ಇಲ್ಲ, ಹಾಗಾಗಿ ನಿಂತ ಕಲೆಯೂ ಇಲ್ಲ. ನಾಯ್ಸ್ ತೆಗೆದ ಮೇಲೆ ಒಂದು ಸಲ ಹೋಗಿ ಬರಲು ಇಷ್ಟು ಸಾಕು ಅಂತ ನನ್ನ ಅನಿಸಿಕೆ. ನಾಯ್ಸ್ ತೆಗೆಯುವ ಮೊದಲು ಮಾತ್ರ ನಾನು ಅದನ್ನು ಬಳಸುವುದಿಲ್ಲ.

ಕೊನೆಯ ಫೈಲ್ ಮತ್ತೆ ಎಚ್.264, CRF 18. ಒಂದೇ ಸಲ. ಅಜ್ಜಿಯ ಹಿಂದಿನ ಗೋಡೆಯಲ್ಲಿ ಈಗ ಸ್ವಲ್ಪ ನಾಯ್ಸ್ ಇದೆ, ಟೇಪಿನದೇ. ಅದನ್ನು ತೆಗೆಯಲು ಹೋಗಲಿಲ್ಲ.

ನಡುವಿನ ಫೈಲುಗಳನ್ನು ಅಳಿಸಿಬಿಟ್ಟೆ. ಡಿಸ್ಕಿನಲ್ಲಿ ಉಳಿದಿರುವುದು ಮೂಲ ಕ್ಯಾಪ್ಚರ್, ಸ್ಕ್ರಿಪ್ಟುಗಳು ಮತ್ತು ಕೊನೆಯ ಫೈಲ್. ಕ್ಯಾಪ್ಚರನ್ನು ಮಾತ್ರ FFV1ಗೆ ಬದಲಿಸಿ ಇಟ್ಟಿದ್ದೇನೆ:

```
ffmpeg -i capture.avi -c:v ffv1 -level 3 -g 1 \
  -slices 4 -slicecrc 1 -c:a copy capture.mkv
```

`-slicecrc 1` ಇದ್ದರೆ ಪ್ರತಿ ಫ್ರೇಮಿನ ನಾಲ್ಕು ತುಂಡುಗಳಿಗೂ ಒಂದೊಂದು ತಾಳೆ ಸಂಖ್ಯೆ ಸೇರುತ್ತದೆ. ಮುಂದೆ ಡಿಸ್ಕ್ ಕೆಟ್ಟು ಒಂದು ತುಂಡು ಹಾಳಾದರೆ, ಎಲ್ಲಿ ಅಂತ ffmpeg ಚಿತ್ರವನ್ನು ಬಿಚ್ಚುವಾಗಲೇ ಹೇಳುತ್ತದೆ. ಇದನ್ನೂ md5 ನೋಡಿದ ಮೇಲೆಯೇ ಹಳೆ ಎವಿಐ ಅಳಿಸಿದ್ದು. ಕ್ಯಾಸೆಟ್ ಅಕ್ಕನ ಮನೆಗೆ ವಾಪಸ್ ಹೋಯಿತು.